ಕಬ್ಬಿನ ಯಾರ್ಡ್‌ನ ಡ್ಯಾಶ್‌ಬೋರ್ಡ್: ಎಷ್ಟು ಹೊತ್ತಿಗೊಮ್ಮೆ ರಿಫ್ರೆಶ್ ಮಾಡಿದರೆ ಸಾಕು?

ಪ್ರಶ್ನೆ: ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಐಟಿ ನೋಡಿಕೊಳ್ಳುತ್ತೇನೆ. ದಿನಕ್ಕೆ 5000 ಟನ್ ಕಬ್ಬು ನುರಿಸುತ್ತೇವೆ. ಡ್ಯಾಶ್‌ಬೋರ್ಡ್‌ನಲ್ಲಿ ಯಾರ್ಡ್‌ನ ಕಬ್ಬು, ರಿಕವರಿ, ರೈತರ ಬಿಲ್ ಬಾಕಿ ಇವೆ. ಈಗ 5 ನಿಮಿಷಕ್ಕೊಮ್ಮೆ ರಿಫ್ರೆಶ್ ಆಗುತ್ತದೆ. ಎಂ.ಡಿ. ಸಾಹೇಬ್ರು 1 ನಿಮಿಷ ಮಾಡಿ ಅಂತಾರೆ. ಕಾಟಾದವರು ಈಗಲೇ ಚೀಟಿ ಪ್ರಿಂಟ್ ತಡ ಆಗ್ತಿದೆ ಅಂತಾರೆ. ಪವರ್ ಬಿಐ ಪ್ರೊಗೆ ಹೋಗೋಣ ಅಂದ್ರೆ ಅದರಲ್ಲಿ ದಿನಕ್ಕೆ 8 ಸಲ ಮಾತ್ರವಂತೆ. ಏನು ಮಾಡಲಿ?

ಉತ್ತರ: ಯಾರ್ಡ್‌ಗೆ ಅರ್ಧ ತಾಸಿಗೊಮ್ಮೆ ಸಾಕು. ರಿಕವರಿಗೆ ದಿನಕ್ಕೊಮ್ಮೆ, ಬಿಲ್ ಬಾಕಿಗೂ ದಿನಕ್ಕೊಮ್ಮೆ. ಮೂರನ್ನೂ ಒಂದೇ ಗಡಿಯಾರಕ್ಕೆ ಕಟ್ಟಿದ್ದೇ ನಿಮ್ಮ ತೊಂದರೆಯ ಮೂಲ. ಆದರೆ ಇದನ್ನು ನನ್ನ ಮಾತಿನ ಮೇಲೆ ಒಪ್ಪಿಕೊಳ್ಳಬೇಡಿ. ನಿಮ್ಮದೇ ಅಂಕಿ ಹಾಕಿ ಲೆಕ್ಕ ಮಾಡಬಹುದು. ಆ ಲೆಕ್ಕವನ್ನೇ ಎಂ.ಡಿ. ಸಾಹೇಬ್ರ ಮುಂದೆ ಇಡಬಹುದು.

ಪ್ರತಿ ಟೈಲ್‌ಗೂ ಎರಡು ಪ್ರಶ್ನೆ ಕೇಳಿ. ಈ ಅಂಕಿ ನಿಜವಾಗಿ ಎಷ್ಟು ಹೊತ್ತಿಗೆ ಬದಲಾಗುತ್ತದೆ? ಇದನ್ನು ನೋಡಿ ಯಾರು ಏನು ಮಾಡುತ್ತಾರೆ, ಮಾಡಿದ್ದು ಫಲ ಕೊಡಲು ಎಷ್ಟು ಹೊತ್ತು ಬೇಕು? ಎರಡರಲ್ಲಿ ಯಾವುದು ನಿಧಾನವೋ ಅದೇ ರಿಫ್ರೆಶ್‌ನ ಹದ ಹೇಳುತ್ತದೆ. ಅಂಕಿ ನಿಮಿಷಕ್ಕೊಮ್ಮೆ ಬದಲಾದರೂ, ಅದನ್ನು ನೋಡಿ ಮಾಡುವ ಕೆಲಸ ನಾಳೆಯದಾದರೆ ನಿಮಿಷಕ್ಕೊಮ್ಮೆ ತೋರಿಸಿ ಏನೂ ಸಿಗುವುದಿಲ್ಲ. ಕೆಲಸ ತುರ್ತಿನದಾದರೂ ಅಂಕಿಯೇ ತಾಸಿಗೊಮ್ಮೆ ಒಳಗೆ ಬರುತ್ತಿದ್ದರೆ ಆಗಲೂ ಅಷ್ಟೇ.

ಮೂರರಲ್ಲಿ ಯಾರ್ಡ್‌ನ ಟೈಲ್ ಒಂದೇ ನಿಜವಾಗಿ ಅವಸರದ್ದು. ಅದನ್ನೇ ಪೂರ್ತಿ ಲೆಕ್ಕ ಹಾಕೋಣ.

ದಿನಕ್ಕೆ 5000 ಟನ್ ಅಂದರೆ ತಾಸಿಗೆ ಸುಮಾರು 208 ಟನ್. ಒಂದು ಡಬಲ್ ಟ್ರಾಲಿ ಟ್ರ್ಯಾಕ್ಟರ್‌ನಲ್ಲಿ 20 ಟನ್ ಬರುತ್ತದೆ ಅಂತ ಇಟ್ಟುಕೊಳ್ಳಿ. ನಿಮ್ಮ ಸರಾಸರಿ ಬೇರೆ ಇದ್ದರೆ ಅದನ್ನೇ ಹಾಕಿ. ಆಗ ತಾಸಿಗೆ ಸುಮಾರು 10 ಗಾಡಿ, ಅಂದರೆ 6 ನಿಮಿಷಕ್ಕೆ ಒಂದು ಗಾಡಿ ಖಾಲಿ ಆಗುತ್ತದೆ. ಈ ಒಂದು ಅಂಕಿಯಿಂದಲೇ 1 ನಿಮಿಷದ ರಿಫ್ರೆಶ್ ಏನು ಅಂತ ಗೊತ್ತಾಗುತ್ತದೆ. ಸರಾಸರಿ ನೋಡಿದರೆ ಆರು ಸಲ ರಿಫ್ರೆಶ್ ಆದಾಗ ಒಂದು ಗಾಡಿ ಕಡಿಮೆ ಆಗುತ್ತದೆ. ಉಳಿದ ಬಹುಪಾಲು ಸಲ ಹಳೇ ಅಂಕಿಯೇ ಮತ್ತೆ ಬರುತ್ತದೆ.

ಇನ್ನು ಈ ಟೈಲ್ ನೋಡಿ ಯಾರು ಏನು ಮಾಡುತ್ತಾರೆ? ಇಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಕಬ್ಬು ಕಡಿಮೆ ಬೀಳುತ್ತಿದ್ದರೆ ಶಿಫ್ಟ್ ಇಂಜಿನಿಯರ್ ಮಿಲ್‌ನ ವೇಗ ಇಳಿಸುತ್ತಾರೆ. ಅದು ನಿಮಿಷಗಳ ಕೆಲಸ. ಆದರೆ ಅವರು ಡ್ಯಾಶ್‌ಬೋರ್ಡ್ ನೋಡಿ ಮಾಡುವುದಿಲ್ಲ. ಕೇನ್ ಕ್ಯಾರಿಯರ್ ಅವರ ಕಣ್ಣ ಮುಂದೆಯೇ ಇರುತ್ತದೆ, ಕಂಟ್ರೋಲ್ ರೂಮಿನ ಪರದೆ ಇರುತ್ತದೆ. ಎರಡನೆಯದು, ಕೇನ್ ಆಫೀಸರ್ ಫೀಲ್ಡ್‌ಮನ್‌ಗಳಿಗೆ ಫೋನ್ ಮಾಡಿ, ಲೋಡ್ ಆಗಿ ಹೊಲದಲ್ಲೇ ನಿಂತ ಗಾಡಿಗಳನ್ನು ಬೇಗ ಕಳಿಸಿ ಅನ್ನುತ್ತಾರೆ. ಮೂರನೆಯದು, ನಾಳೆ ಎಷ್ಟು ಗ್ಯಾಂಗ್‌ಗಳಿಗೆ ಕಟಾವು ಕೊಡಬೇಕು ಅಂತ ಸಂಜೆ ಮುಂಚೆ ನಿರ್ಧಾರ ಮಾಡುತ್ತಾರೆ. ಡ್ಯಾಶ್‌ಬೋರ್ಡ್‌ನ ಉಪಯೋಗ ಇರುವುದು ಈ ಎರಡನೆಯ ಮತ್ತು ಮೂರನೆಯ ಕೆಲಸಕ್ಕೆ.

ಫೋನ್ ಮಾಡಿದ ಮೇಲೆ ಗಾಡಿ ಗೇಟಿಗೆ ಬರಲು ಎಷ್ಟು ಹೊತ್ತು ಬೇಕು? ನಿಮ್ಮ ಕೇನ್ ಆಫೀಸರ್ ಅವರನ್ನೇ ಕೇಳಿ. ದೂರ, ರಸ್ತೆ, ಕಾಲುವೆ ದಂಡೆಯ ದಾರಿ ಎಲ್ಲ ಸೇರಿ 3 ತಾಸು ಅಂತ ಹೇಳಿದರು ಅಂದುಕೊಳ್ಳೋಣ. ಆಗ ಯಾರ್ಡ್‌ನಲ್ಲಿ 3 ತಾಸಿನ ಕಬ್ಬು, ಅಂದರೆ ಸುಮಾರು 625 ಟನ್ ಉಳಿದಾಗಲೇ ಫೋನ್ ಹೋಗಬೇಕು. ಇಲ್ಲದಿದ್ದರೆ ಮಿಲ್ ಕಬ್ಬಿಲ್ಲದೆ ನಿಲ್ಲುತ್ತದೆ.

ಆದರೆ ಪರದೆ ಮೇಲಿನ 625 ಈ ಕ್ಷಣದ 625 ಅಲ್ಲ. ಅದು ಸ್ವಲ್ಪ ಹಳೆಯದು. ಎಷ್ಟು ಹಳೆಯದು ಅನ್ನುವುದಕ್ಕೆ ಮೂರು ಹೊತ್ತು ಕೂಡಿಸಬೇಕು. ಗೇಟಿನಲ್ಲಿ ಆದದ್ದು ಸಿಸ್ಟಮ್‌ಗೆ ಸೇರುವ ಹೊತ್ತು, ಎರಡು ರಿಫ್ರೆಶ್‌ಗಳ ನಡುವಿನ ಹೊತ್ತು, ರಿಫ್ರೆಶ್ ಮುಗಿಯುವ ಹೊತ್ತು. ಕೊನೆಯದು ಸಣ್ಣದು, ಬಿಡೋಣ. ಎಂಟ್ರಿಗೆ 15 ನಿಮಿಷ, ರಿಫ್ರೆಶ್‌ಗೆ 30 ನಿಮಿಷ ಅಂದರೆ ತೀರಾ ಕೆಟ್ಟ ಸಂದರ್ಭದಲ್ಲಿ ಅಂಕಿ 45 ನಿಮಿಷ ಹಳೆಯದು. ಆ 45 ನಿಮಿಷದಲ್ಲಿ ಒಂದೂ ಗಾಡಿ ಬರದೆ ಮಿಲ್ ಪೂರ್ತಿ ವೇಗದಲ್ಲಿ ನಡೆದರೆ 156 ಟನ್ ಖರ್ಚಾಗಿರುತ್ತದೆ.

ಈ 156 ಟನ್ನನ್ನು ಎಚ್ಚರಿಕೆಯ ಗಡಿಗೆ ಸೇರಿಸಿಬಿಡಿ. 625ಕ್ಕೆ ಬದಲು ಸುಮಾರು 780 ಟನ್ ಆದಾಗಲೇ ಟೈಲ್ ಕೆಂಪಾಗಲಿ. ಅಷ್ಟಾದರೆ ಅಂಕಿ ಹಳೆಯದಾಗಿದ್ದರೂ ಫೋನ್ ತಡವಾಗುವುದಿಲ್ಲ.

ಈಗ ಹೋಲಿಸಿ. 5 ನಿಮಿಷಕ್ಕೊಮ್ಮೆ ರಿಫ್ರೆಶ್ ಮಾಡಿದರೆ ಗಡಿ ಸುಮಾರು 695 ಟನ್. 1 ನಿಮಿಷ ಮಾಡಿದರೆ ಸುಮಾರು 680. ಅಂದರೆ 5ರಿಂದ 1 ನಿಮಿಷಕ್ಕೆ ಇಳಿಸಿದರೆ ಸಿಗುವ ಲಾಭ 15 ಟನ್ನಿನಷ್ಟು, ಒಂದು ಗಾಡಿಯೂ ಅಲ್ಲ. 30ರಿಂದ 1ಕ್ಕೆ ಇಳಿಸಿದರೆ 100 ಟನ್, ಐದು ಗಾಡಿ. ಐದು ಗಾಡಿ ಜಾಸ್ತಿ ನಿಂತರೆ ಕೊನೆಯ ಗಾಡಿ ಅರ್ಧ ತಾಸು ಹೆಚ್ಚು ಕಾಯುತ್ತದೆ. ಕಡಿದ ಕಬ್ಬನ್ನು ಆದಷ್ಟು 24 ತಾಸಿನೊಳಗೆ ನುರಿಸಬೇಕು, ಒಣಗಿದಷ್ಟೂ ತೂಕವೂ ಹೋಗುತ್ತದೆ, ಸಕ್ಕರೆಯೂ ಹೋಗುತ್ತದೆ ಅನ್ನುವುದು ನಿಜ. ಆದರೆ ಅರ್ಧ ತಾಸಿನ ಕಾಯುವಿಕೆ ಆ ಲೆಕ್ಕದಲ್ಲಿ ಚಿಕ್ಕದು. ಅದಕ್ಕಾಗಿ ಕಾಟಾ ನಿಧಾನ ಮಾಡಿಕೊಂಡರೆ ಅದೇ ಅರ್ಧ ತಾಸು ಸಾಲಿನಲ್ಲಿ ಕಳೆದುಹೋಗುತ್ತದೆ, ಅದೂ ಪ್ರತಿ ಗಾಡಿಗೂ.

ಈ ಲೆಕ್ಕದಲ್ಲಿ ನಾನು 15 ನಿಮಿಷ ಅಂತ ಹಾಕಿದ ಎಂಟ್ರಿಯ ಹೊತ್ತೇ ಎಲ್ಲಕ್ಕಿಂತ ಮುಖ್ಯ, ಅದನ್ನೇ ಯಾರೂ ಅಳೆಯುವುದಿಲ್ಲ. ಯಾರ್ಡ್‌ನಲ್ಲಿ ನಿಂತ ಗಾಡಿಯ ತೂಕ ಇನ್ನೂ ಆಗಿರುವುದಿಲ್ಲ, ಅಲ್ವಾ? ಹೆಚ್ಚಿನ ಕಡೆ ಗೇಟಿನಲ್ಲಿ ಟೋಕನ್ ಕೊಡುತ್ತಾರೆ, ಗಾಡಿ ಸಾಲಿನಲ್ಲಿ ನಿಲ್ಲುತ್ತದೆ, ಸರದಿ ಬಂದಾಗ ತುಂಬಿದ ಗಾಡಿಯ ತೂಕ, ಖಾಲಿ ಆದ ಮೇಲೆ ಬರೀ ಗಾಡಿಯ ತೂಕ. ನಿವ್ವಳ ಗೊತ್ತಾಗುವುದು ಕೊನೆಗೆ. ಹಾಗಾಗಿ ಯಾರ್ಡ್‌ನ ಟನ್ ಅನ್ನುವುದು ಟೋಕನ್ ಆಗಿ ಇನ್ನೂ ಖಾಲಿ ಆಗದ ಗಾಡಿಗಳನ್ನು ಸರಾಸರಿ ಲೋಡಿನಿಂದ ಗುಣಿಸಿದ ಅಂದಾಜು. ಟ್ರ್ಯಾಕ್ಟರ್‌ಗೆ ಒಂದು ಸರಾಸರಿ, ಲಾರಿಗೆ ಒಂದು, ಎತ್ತಿನಗಾಡಿ ಬರುತ್ತಿದ್ದರೆ ಅದಕ್ಕೆ ಬೇರೆ. ಈ ಅಂದಾಜು ಪೂರ್ತಿ ಗೇಟಿನ ಟೋಕನ್ ಎಂಟ್ರಿಯ ಮೇಲೆ ನಿಂತಿದೆ. ಗೇಟಿನವರು ರಾತ್ರಿ ಚಳಿಯಲ್ಲಿ ಟೋಕನ್ ಕೈಯಿಂದ ಬರೆದುಕೊಟ್ಟು, ತಾಸಿಗೊಮ್ಮೆ ಒಟ್ಟಿಗೆ ಕೂತು ಕಂಪ್ಯೂಟರ್‌ಗೆ ಹಾಕುತ್ತಿದ್ದರೆ ನಿಮ್ಮ 5 ನಿಮಿಷದ ರಿಫ್ರೆಶ್ ತಾಸಿನಲ್ಲಿ ಹನ್ನೊಂದು ಸಲ ಸುಮ್ನೆ ಓಡುತ್ತಿದೆ.

ಇದನ್ನು ಊಹೆ ಮಾಡಬೇಡಿ, ಅಳೆಯಿರಿ. ಟೋಕನ್ ಮೇಲಿನ ಸಮಯ ಮತ್ತು ಸಿಸ್ಟಮ್‌ಗೆ ಸೇರಿದ ಸಮಯ ಎರಡೂ ಟೇಬಲ್‌ನಲ್ಲಿದ್ದರೆ ಹೀಗೆ ನೋಡಬಹುದು. ಟೇಬಲ್ ಮತ್ತು ಕಾಲಮ್‌ಗಳ ಹೆಸರು ನಿಮ್ಮಲ್ಲಿ ಇರುವಂತೆ ಬದಲಿಸಿಕೊಳ್ಳಿ:

```sql
SELECT DATEPART(hour, token_time) AS hr,
       COUNT(*) AS vehicles,
       AVG(DATEDIFF(minute, token_time, entry_time)) AS avg_lag,
       MAX(DATEDIFF(minute, token_time, entry_time)) AS max_lag
FROM gate_token
WHERE token_time >= DATEADD(day, -7, GETDATE())
GROUP BY DATEPART(hour, token_time)
ORDER BY hr;
```

ಒಂದು ವಾರದ ಚಿತ್ರ ತಾಸುವಾರು ಬರುತ್ತದೆ. ಹಗಲು 3 ನಿಮಿಷ, ರಾತ್ರಿ 50 ನಿಮಿಷ ಅಂತ ಬಂದರೆ ನಿಮಗೆ ಬೇಕಾಗಿರುವುದು ವೇಗದ ರಿಫ್ರೆಶ್ ಅಲ್ಲ. ಗೇಟಿನಲ್ಲಿ ಒಂದು ಬಾರ್‌ಕೋಡ್ ಸ್ಕ್ಯಾನರ್ ಮತ್ತು ರಾತ್ರಿ ಪಾಳಿಗೆ ಇನ್ನೊಬ್ಬ ಮನುಷ್ಯ ಬೇಕು. ಸಿಸ್ಟಮ್‌ನಲ್ಲಿ ಎಂಟ್ರಿ ಸಮಯ ಒಂದೇ ಇದ್ದರೆ, ಒಂದು ಪಾಳಿಯ ಕಾಗದದ ಟೋಕನ್‌ಗಳನ್ನು ತೆಗೆದುಕೊಂಡು ಸಮಯ ಹೋಲಿಸಿ. ಐವತ್ತು ಟೋಕನ್ ನೋಡಿದರೆ ಸಾಕು, ವಿಷಯ ಗೊತ್ತಾಗುತ್ತದೆ.

ಕಟಾವಿನ ನಿರ್ಧಾರಕ್ಕೆ ಲೆಕ್ಕ ಇನ್ನೂ ಸರಳ. ಅದು ದಿನಕ್ಕೊಂದೇ ಸಲ ಆಗುವ ಕೆಲಸ. ನಿಮ್ಮಲ್ಲಿ ಸಂಜೆ 4ಕ್ಕೆ ಕೂರುತ್ತಾರೆ ಅಂದರೆ 3:45ರ ಅಂಕಿ ಸರಿಯಾಗಿರಬೇಕು, ಅಷ್ಟೇ. 3:30ಕ್ಕೆ ಗೇಟಿನ ಎಂಟ್ರಿ ಪೂರ್ತಿ ಆಗಿರಲಿ, 3:40ಕ್ಕೆ ರಿಫ್ರೆಶ್ ಆಗಲಿ. ದಿನವಿಡೀ ಓಡಿದ ರಿಫ್ರೆಶ್‌ಗಳಿಗಿಂತ ಸಭೆಗೆ ಮುಂಚಿನ ಈ ಒಂದು ರಿಫ್ರೆಶ್ ಹೆಚ್ಚು ಬೆಲೆಯದು. ಸಮ ಅಂತರದಲ್ಲಿ ರಿಫ್ರೆಶ್ ಇಡಬೇಕು ಅಂತ ಯಾವ ನಿಯಮವೂ ಇಲ್ಲ. ನಿರ್ಧಾರಕ್ಕೆ ಸ್ವಲ್ಪ ಮುಂಚೆ ಇಡಿ.

ಎಂ.ಡಿ. ಸಾಹೇಬ್ರು ಅತಿ ಹೆಚ್ಚು ಸಲ ನೋಡುವುದು ರಿಕವರಿಯನ್ನೇ ಇರಬೇಕು, ಅಲ್ಲೇ ವೇಗದಿಂದ ಹಾನಿ ಜಾಸ್ತಿ. ದಿನದ ರಿಕವರಿ ಅನ್ನುವುದು ಲ್ಯಾಬ್‌ನವರು 24 ತಾಸಿನ ಲೆಕ್ಕ ಮುಗಿಸಿ, ಪ್ಯಾನ್ ಮತ್ತು ಟ್ಯಾಂಕ್‌ಗಳಲ್ಲಿ ಇರುವ ಮಾಲಿನಲ್ಲಿ ಎಷ್ಟು ಸಕ್ಕರೆ ಇದೆ ಅಂತ ಅಂದಾಜು ಮಾಡಿದ ಮೇಲೆ ಬರುವ ಅಂಕಿ. ನಡುವೆ ಚೀಲಕ್ಕೆ ಬಿದ್ದ ಸಕ್ಕರೆಯನ್ನು ನುರಿಸಿದ ಕಬ್ಬಿನಿಂದ ಭಾಗಿಸಿ ತೋರಿಸಿದರೆ ಅದು ರಿಕವರಿ ಅಲ್ಲ. ಈಗ ಚೀಲಕ್ಕೆ ಬೀಳುತ್ತಿರುವ ಸಕ್ಕರೆ ಈಗ ಮಿಲ್‌ಗೆ ಬಿದ್ದ ಕಬ್ಬಿನದಲ್ಲ, ಅದು ತಾಸುಗಟ್ಟಲೆ ಹಿಂದಿನ ಕಬ್ಬಿನದು. ಒಂದು ಪ್ಯಾನ್ ಇಳಿಸಿದ ಮೇಲೆ ಅಂಕಿ ಏರುತ್ತದೆ, ಮುಂದಿನದು ಇಳಿಯುವವರೆಗೆ ಬೀಳುತ್ತದೆ. ಕಾರ್ಖಾನೆಯಲ್ಲಿ ಏನೂ ಬದಲಾಗಿರುವುದಿಲ್ಲ. ಆದರೂ ಚೀಫ್ ಕೆಮಿಸ್ಟ್‌ಗೆ ಫೋನ್ ಹೋಗುತ್ತದೆ, ಅವರು ಕೆಲಸ ಬಿಟ್ಟು ಉತ್ತರ ಹುಡುಕುತ್ತಾರೆ. ಬೆಳಿಗ್ಗೆ ಲ್ಯಾಬ್ ಕೊಟ್ಟ ಅಂಕಿ ಬೇರೆಯೇ ಇದ್ದಾಗ ಡ್ಯಾಶ್‌ಬೋರ್ಡ್ ಸುಳ್ಳು ಹೇಳುತ್ತದೆ ಅನ್ನುವ ಮಾತೂ ಹುಟ್ಟುತ್ತದೆ.

ಅದಕ್ಕೇ ಲ್ಯಾಬ್ ದಿನದ ವರದಿಗೆ ಸಹಿ ಹಾಕಿದ ಮೇಲೆ ಒಂದೇ ಸಲ ಆನ್ ಡೇಟ್, ಟು ಡೇಟ್ ಎರಡನ್ನೂ ಹಾಕಿ. ಪಕ್ಕದಲ್ಲಿ ಏಳು ದಿನದ ಸರಾಸರಿಯ ಗೆರೆ ಇರಲಿ. ರಸದ ಬ್ರಿಕ್ಸ್, ಬಗಾಸ್‌ನ ಪೋಲ್ ಇವೆಲ್ಲ ಪಾಳಿಯಲ್ಲಿ ಸರಿಪಡಿಸಬೇಕಾದ ಅಂಕಿಗಳು. ಅವು ಲ್ಯಾಬ್ ಮತ್ತು ಮಿಲ್‌ನವರ ನಡುವೆ ಇರಲಿ, ಆಡಳಿತದ ಪರದೆಗೆ ಬೇಡ.

ಬಿಲ್ ಬಾಕಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ಇಲ್ಲಿ ಗಡಿಯಾರ ದಿನದ್ದು. ನಿನ್ನೆಯ ನಿವ್ವಳ ತೂಕ ಎಲ್ಲ ಮುಗಿದ ಮೇಲೆ ಬೆಳಿಗ್ಗೆ ಒಂದು ಸಲ ಸಾಕು. 10 ದಿನ ದಾಟಿದ ಬಾಕಿ ಎಷ್ಟು ಅಂತ ಬೇರೆಯಾಗಿ ತೋರಿಸಿ. ಹಣ ಹೊಂದಿಸಲು ಲೆಕ್ಕಪತ್ರ ವಿಭಾಗಕ್ಕೆ ಆಗ ನಾಲ್ಕು ದಿನ ಸಿಗುತ್ತದೆ.

ಇನ್ನು ಕಾಟಾದ ಚೀಟಿ ತಡ ಆಗುವ ವಿಷಯ. ರಿಫ್ರೆಶ್‌ನಿಂದಲೇ ಅಂತ ಖಚಿತ ಮಾಡಿಕೊಳ್ಳುವುದು ಸುಲಭ. ಒಂದು ಪಾಳಿ ರಿಫ್ರೆಶ್ ನಿಲ್ಲಿಸಿ, ಪ್ರಿಂಟ್‌ನ ತಡ ಹೋಯಿತಾ ನೋಡಿ. ಅಥವಾ ತಡವಾದ ಚೀಟಿಗಳ ಸಮಯ ಬರೆದಿಟ್ಟುಕೊಳ್ಳಿ. ಎಲ್ಲ 10:00, 10:05, 10:10ರ ಸುತ್ತಲೇ ಬಿದ್ದಿದ್ದರೆ ಬೇರೆ ಪುರಾವೆ ಬೇಡ. ಕಾರಣ ಸಾಮಾನ್ಯವಾಗಿ ಹೀಗಿರುತ್ತದೆ: ನಿಮ್ಮದು ಎಸ್‌ಕ್ಯೂಎಲ್ ಸರ್ವರ್ ಆಗಿದ್ದು ಮೂಲ ಸೆಟ್ಟಿಂಗ್ ಹಾಗೇ ಇದ್ದರೆ, ದೊಡ್ಡ ವರದಿ ಟೇಬಲ್ ಓದುತ್ತಿರುವಾಗ ಅದೇ ಟೇಬಲ್‌ಗೆ ಬರೆಯಬೇಕಾದ ಕಾಟಾದ ಎಂಟ್ರಿ ಕಾಯಬೇಕಾಗುತ್ತದೆ. ಇದಕ್ಕೆ READ_COMMITTED_SNAPSHOT ಅನ್ನುವ ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡಿದರೆ ಓದುವವರು ಬರೆಯುವವರನ್ನು ತಡೆಯುವುದಿಲ್ಲ. ನಡು ಹಂಗಾಮಿನಲ್ಲಿ ನೀವೇ ಕೈ ಹಾಕಬೇಡಿ. ಇಆರ್‌ಪಿ ವೆಂಡರ್ ಒಪ್ಪಿದ ಮೇಲೆ, ಮಿಲ್ ಸ್ವಚ್ಛತೆಗೆ ನಿಂತ ದಿನ ಮಾಡಿಸಿ. ಅಲ್ಲಿಯವರೆಗೆ ಯಾರ್ಡ್‌ನ ಕ್ವೆರಿ ಕಳೆದೆರಡು ದಿನದ ಟೋಕನ್‌ಗಳನ್ನು ಮಾತ್ರ ಓದುವಂತೆ ಮಾಡಿ. ಯಾರ್ಡ್ ಎಷ್ಟಿದೆ ಅಂತ ತಿಳಿಯಲು ಇಡೀ ಹಂಗಾಮಿನ ಬಿಲ್‌ಗಳನ್ನು ಜೋಡಿಸಿ ಓದಬೇಕಾಗಿಲ್ಲ.

ಪವರ್ ಬಿಐ ಪ್ರೊದಲ್ಲಿ 8 ಸಲ ಅನ್ನುವುದು ನಿಜ. ಆದರೆ ಅದು ಪೂರ್ತಿ ಡ್ಯಾಶ್‌ಬೋರ್ಡ್‌ಗೆ ಅಲ್ಲ, ಡೇಟಾ ಒಳಗೆ ತಂದಿಟ್ಟುಕೊಳ್ಳುವ ಒಂದೊಂದು ಮಾಡೆಲ್‌ಗೆ. ರಿಕವರಿ ಮತ್ತು ಬಿಲ್ ಬಾಕಿ ಒಂದು ಮಾಡೆಲ್‌ನಲ್ಲಿ ಇರಲಿ, ಅದಕ್ಕೆ ದಿನಕ್ಕೆ ಎರಡು ಸಲ ಸಾಕು. ಒಂದು ನಿಜವಾದದ್ದು, ಇನ್ನೊಂದು ಮೊದಲನೆಯದು ಕೈಕೊಟ್ಟರೆ ಅಂತ. ಯಾರ್ಡ್‌ನದನ್ನು ಬೇರೆ ಸಣ್ಣ ಮಾಡೆಲ್ ಮಾಡಿ, ಡೈರೆಕ್ಟ್‌ಕ್ವೆರಿಯಲ್ಲಿ ಇಡಿ. ಅದಕ್ಕೆ 8ರ ಮಿತಿ ಇಲ್ಲ. ಪ್ರೊದಲ್ಲಿ ಪುಟ ತಾನಾಗಿ ರಿಫ್ರೆಶ್ ಆಗಲು ಕನಿಷ್ಠ 30 ನಿಮಿಷದ ಅಂತರ ಬೇಕು. ನಮ್ಮ ಲೆಕ್ಕಕ್ಕೆ ಬೇಕಾದದ್ದೂ ಅಷ್ಟೇ. ಸಂಜೆ ಸಭೆಗೆ ಮುಂಚೆ ಕೇನ್ ಆಫೀಸರ್ ಪುಟ ತೆರೆದರೆ ಆಗಿನ ಅಂಕಿಯೇ ಬರುತ್ತದೆ.

ಹೊಸದಾಗಿ ಕಟ್ಟುವಾಗ ಒಂದು ಟೈಲ್ ತಪ್ಪದೆ ಸೇರಿಸಿ: ಕೊನೆಯ ಟೋಕನ್ ಎಷ್ಟು ಹೊತ್ತಿಗೆ ಎಂಟ್ರಿ ಆಯಿತು ಅನ್ನುವುದು. ರಿಫ್ರೆಶ್ ಆದ ಸಮಯ ತೋರಿಸಿದರೆ ಮೋಸ ಹೋಗುತ್ತೀರಿ. ಗೇಟಿನ ನೆಟ್‌ವರ್ಕ್ 8:40ಕ್ಕೆ ಹೋಗಿದ್ದರೂ 10:00ಕ್ಕೆ ರಿಫ್ರೆಶ್ ಆಯಿತು ಅಂತಲೇ ಪರದೆ ಹೇಳುತ್ತದೆ, ಯಾರ್ಡ್ ಖಾಲಿ ಆಗುತ್ತಿರುವಂತೆ ಕಾಣುತ್ತದೆ, ಬೇಡದ ಗಾಡಿಗಳಿಗೆ ಫೋನ್ ಹೋಗುತ್ತದೆ. ಕೊನೆಯ ಟೋಕನ್ 8:40 ಅಂತ ಕಂಡರೆ ಮೊದಲು ಗೇಟಿಗೆ ಫೋನ್ ಮಾಡುತ್ತೀರಿ. ಯಾರ್ಡ್‌ನ ಅಂಕಿ ಯಾವಾಗಲಾದರೂ ಸೊನ್ನೆಗಿಂತ ಕೆಳಗೆ ಹೋದರೆ, ಟೋಕನ್ ಟೇಬಲ್ ಒಂದು ಹೊತ್ತಿನದು, ಕಾಟಾದ ಟೇಬಲ್ ಇನ್ನೊಂದು ಹೊತ್ತಿನದು ಅಂತ ಅರ್ಥ. ಎರಡಕ್ಕೂ ಒಂದೇ ಸಮಯದವರೆಗಿನ ಎಂಟ್ರಿ ಮಾತ್ರ ಎಣಿಸುವಂತೆ ಕ್ವೆರಿಯಲ್ಲಿ ಗಡಿ ಹಾಕಿ.

ಎಂ.ಡಿ. ಸಾಹೇಬ್ರಿಗೆ ಬೇಡ ಅನ್ನುವ ಬದಲು ಒಂದು ವಾರದ ಪರೀಕ್ಷೆ ಕೇಳಿ. ಯಾರ್ಡ್ 30 ನಿಮಿಷಕ್ಕೆ ಇರಲಿ. ಕೇನ್ ಆಫೀಸರ್ ಟೇಬಲ್ ಮೇಲೆ ಒಂದು ನೋಟ್‌ಬುಕ್ ಇಡಿ. ಟೈಲ್ ನೋಡಿ ಫೋನ್ ಮಾಡಿದಾಗಲೆಲ್ಲ ಸಮಯ, ಯಾರಿಗೆ, ಏನು ಹೇಳಿದರು, ಇದೇ ಅಂಕಿ ಅರ್ಧ ತಾಸು ಮುಂಚೆ ಗೊತ್ತಾಗಿದ್ದರೆ ಬೇರೆ ಏನಾದರೂ ಮಾಡುತ್ತಿದ್ದರಾ ಅಂತ ಬರೆಯಲಿ. ಕೊನೆಯ ಕಾಲಮ್‌ನಲ್ಲಿ ಹೌದು ಅಂತ ಬಂದರೆ ಆ ಒಂದು ಟೈಲ್‌ನ ಅಂತರ ಕಡಿಮೆ ಮಾಡಿ. ಹಂಗಾಮಿನ ಶುರುವಿಗೆ ಮತ್ತು ಕೊನೆಗೆ, ಕಬ್ಬು ಸಾಲದೆ ಮಿಲ್ ನಿಲ್ಲುವ ದಿನಗಳಲ್ಲಿ, ಹೌದು ಬರಬಹುದು. ಪ್ರೊದಲ್ಲಿ ಆ ದಿನಗಳಿಗೆ ಪುಟವನ್ನು ಕೈಯಿಂದಲೇ ರಿಫ್ರೆಶ್ ಮಾಡಿದರಾಯಿತು. ಜನವರಿಯಲ್ಲಿ ಯಾರ್ಡ್ ತುಂಬಿ ರಸ್ತೆವರೆಗೆ ಸಾಲು ನಿಂತಾಗ ಅರ್ಧ ತಾಸಿಗೊಮ್ಮೆ ರಿಫ್ರೆಶ್ ಮಾಡುವುದೂ ಬೇಕಾದದ್ದಕ್ಕಿಂತ ಜಾಸ್ತಿಯೇ.

ಕೊನೆಗೆ, ಪ್ರೊಗೆ ಹೋದ ಮೇಲೆ ನೆನಪಿಡಬೇಕಾದ ಎರಡು ಸಂಗತಿ. ಸತತ ನಾಲ್ಕು ಸಲ ರಿಫ್ರೆಶ್ ಫೇಲ್ ಆದರೆ ಪವರ್ ಬಿಐ ಶೆಡ್ಯೂಲನ್ನೇ ಬಂದ್ ಮಾಡುತ್ತದೆ, ಹಾಗಾಗಿ ಫೇಲ್ ಆದ ಈಮೇಲ್ ನಿಮ್ಮ ಜೊತೆ ಇನ್ನೊಬ್ಬರಿಗೂ ಹೋಗಲಿ. ಎರಡು ತಿಂಗಳು ಯಾರೂ ತೆರೆದು ನೋಡದಿದ್ದರೂ ಶೆಡ್ಯೂಲ್ ನಿಲ್ಲುತ್ತದೆ. ಹಂಗಾಮು ಮುಗಿದ ಮೇಲೆ ನಿಮ್ಮಲ್ಲಿ ಅದು ಆಗಿಯೇ ಆಗುತ್ತದೆ. ಬಾಯ್ಲರ್ ಪೂಜೆಯ ದಿನ ಗೊತ್ತಾದ ಕೂಡಲೇ ಶೆಡ್ಯೂಲ್ ಮತ್ತೆ ಆನ್ ಮಾಡಿ, ಹಳೇ ಹಂಗಾಮಿನ ಸರಾಸರಿ ಲೋಡ್‌ಗಳನ್ನು ತೆಗೆದು ಮೊದಲ ವಾರದ ತೂಕದಿಂದ ಹೊಸ ಸರಾಸರಿ ಹಾಕಿ.